ಚಿಕ್ಕ ಟೀ ಅಂಗಡಿಗೆ ಬ್ರೇಕ್-ಈವನ್ ಟೇಬಲ್: ಪದೇ ಪದೇ ಕೇಳೋ ಪ್ರಶ್ನೆಗಳು

ಇಲ್ಲಿ ಇರೋ ರೂಪಾಯಿ ಲೆಕ್ಕ ಎಲ್ಲಾ ಉದಾಹರಣೆಗೆ ಅಂತ ಇಟ್ಕೊಂಡಿದ್ದು, ಸುಲಭವಾಗಿ ಭಾಗ ಹೋಗೋ ಸಂಖ್ಯೆಗಳನ್ನೇ ಆರಿಸ್ಕೊಂಡಿದೀನಿ. ನಿಮ್ಮ ರೇಟು ಬೇರೆ ಇರತ್ತೆ, ಅದನ್ನ ಹಾಕ್ಕೊಳ್ಳಿ, ಲೆಕ್ಕ ಮಾಡೋ ದಾರಿ ಮಾತ್ರ ಇದೇ. ಒಂದೇ ಅಂಗಡಿ, ಒಬ್ಬ ಓನರ್, ಒಬ್ಬ ಹೆಲ್ಪರ್, ಮಾರೋದು ಮುಖ್ಯವಾಗಿ ಟೀ, ಅಷ್ಟನ್ನೇ ಇಟ್ಕೊಂಡು ಕೊನೇವರೆಗೂ ಅದೇ ಅಂಗಡಿ ಲೆಕ್ಕ ಮಾಡ್ತಾ ಹೋಗೋಣ.

ಬ್ರೇಕ್-ಈವನ್ ಅಂದ್ರೆ ನಿಜವಾಗ್ಲೂ ಏನು? ಹಾಕಿದ ದುಡ್ಡು ವಾಪಸ್ ಬರೋದಾ?

ಅಲ್ಲ, ಇದೇ ಎಲ್ಲರೂ ಮೊದಲು ಕಲಸಿಬಿಡೋ ವಿಷಯ. ಅಂಗಡಿ ಹಾಕೋಕೆ ಸುರಿದ ದುಡ್ಡು ಎಷ್ಟು ತಿಂಗಳಲ್ಲಿ ವಾಪಸ್ ಬರತ್ತೆ ಅನ್ನೋದು ಬೇರೆ ಪ್ರಶ್ನೆ. ಬ್ರೇಕ್-ಈವನ್ ಕೇಳೋದು ಇಷ್ಟೇ, ಇವತ್ತು ಅಂಗಡಿ ತೆಗೆದ್ರೆ ಎಷ್ಟು ಕಪ್ ಟೀ ಮಾರಿದಾಗ ಇವತ್ತಿನ ಖರ್ಚು ಪೂರ್ತಿ ಹುಟ್ಟತ್ತೆ, ಅಂದ್ರೆ ಲಾಭಾನೂ ಇಲ್ಲ ನಷ್ಟಾನೂ ಇಲ್ಲ ಅನ್ನೋ ಜಾಗ ಯಾವುದು. ಅದಕ್ಕಿಂತ ಒಂದು ಕಪ್ ಕಮ್ಮಿ ಆದ್ರೆ ಜೇಬಿಂದ ಹೋಗತ್ತೆ, ಒಂದು ಕಪ್ ಜಾಸ್ತಿ ಆದ್ರೆ ಜೇಬಿಗೆ ಬರತ್ತೆ.

ನಮ್ಮ ಉದಾಹರಣೆ ಅಂಗಡೀಲಿ ಒಂದು ಟೀ 10 ರೂಪಾಯಿ. ಒಂದು ಕಪ್ ಮಾಡಿ ಕೊಡೋಕೆ ಖರ್ಚು 6 ರೂಪಾಯಿ. ಉಳಿಯೋದು 4. ಟೀ ಮಾರಿದ್ರೂ ಮಾರದೇ ಇದ್ರೂ ದಿನಕ್ಕೆ ಬೀಳೋ ಖರ್ಚು 600. ಆ 600ನ್ನ ನಾಲ್ಕು ನಾಲ್ಕು ರೂಪಾಯಿಯಾಗಿ ತೀರಿಸ್ಬೇಕು, ಹಾಗಾಗಿ 600 ಭಾಗಿಸು 4, 150 ಕಪ್. ಇಡೀ ಟೇಬಲ್ ನಿಂತಿರೋದು ಈ ಒಂದು ಸಾಲಿನ ಮೇಲೆ.

ಒಂದು ಕಪ್‌ಗೆ 6 ರೂಪಾಯಿ ಅಂತ ಹೇಗೆ ಬಂತು? ಅಂದಾಜಿಗೆ ಹಾಕಿದ್ದಾ?

ಅಂದಾಜಿಗೆ ಹಾಕಬೇಡಿ ದಯವಿಟ್ಟು, ಇಲ್ಲಿ ಅರ್ಧ ರೂಪಾಯಿ ತಪ್ಪಿದ್ರೆ ಕೆಳಗಿನ ಸಂಖ್ಯೆ ಎಲ್ಲಾ ಅಲ್ಲಾಡತ್ತೆ. ಒಂದು ಕಪ್‌ನ ಲೆಕ್ಕ ಮಾಡೋಕೆ ಹೋಗ್ಬೇಡಿ, ಒಂದು ಪಾತ್ರೆಯ ಲೆಕ್ಕ ಮಾಡಿ, ಆಮೇಲೆ ಭಾಗಿಸಿ.

ಒಂದು ಪಾತ್ರೆಗೆ ಹಾಲು 1 ಲೀಟರ್, 50 ರೂಪಾಯಿ. ನೀರು ಅರ್ಧ ಲೀಟರ್. ಟೀ ಪುಡಿ 30 ಗ್ರಾಂ, ಕೆಜಿಗೆ 400 ಅಂದ್ರೆ 12 ರೂಪಾಯಿ. ಸಕ್ಕರೆ 100 ಗ್ರಾಂ, ನಾಲ್ಕೂವರೆ ರೂಪಾಯಿ. ಶುಂಠಿ ಏಲಕ್ಕಿ ಅಂತ ಮೂರೂವರೆ. ಒಟ್ಟು 70 ರೂಪಾಯಿ.

ಈಗ ಮುಖ್ಯ ವಿಷಯ. ಪಾತ್ರೆಗೆ ಹಾಕಿದ್ದು ಒಂದೂವರೆ ಲೀಟರ್, ಕಪ್ 90 ಎಂಎಲ್, ಹಾಗಾದ್ರೆ ಸುಮಾರು ಹದಿನಾರೂವರೆ ಕಪ್ ಆಗ್ಬೇಕು ಅಂತ ಕಾಗದದ ಮೇಲೆ ಅನ್ಸತ್ತೆ, ಆದ್ರೆ ಆಗಲ್ಲ. ಕುದಿಯುವಾಗ ಆವಿಯಾಗಿ ಸ್ವಲ್ಪ ಹೋಗತ್ತೆ, ಟೀ ಪುಡಿ ತನ್ನ ತೂಕದ ಮೂರು ನಾಲ್ಕು ಪಟ್ಟು ನೀರು ಹಿಡ್ಕೊಂಡು ಚರಟದ ಜೊತೆ ಬುಟ್ಟಿಗೆ ಹೋಗತ್ತೆ, ಪಾತ್ರೆ ತಳದಲ್ಲಿ ಒಂದಿಷ್ಟು ಅಂಟ್ಕೊಳತ್ತೆ. ಸೋಸಿ ಕೈಗೆ ಸಿಗೋದು ಸುಮಾರು 1,260 ಎಂಎಲ್, ಅಂದ್ರೆ 14 ಕಪ್. 70 ಭಾಗಿಸು 14, ಕಪ್‌ಗೆ 5 ರೂಪಾಯಿ. ಅದಕ್ಕೆ ಪೇಪರ್ ಕಪ್ 60 ಪೈಸೆ, ಗ್ಯಾಸ್ 40 ಪೈಸೆ ಸೇರಿದ್ರೆ 6 ರೂಪಾಯಿ.

ಒಂದು ಸಲ ಅಳತೆ ಜಗ್‌ಗೆ ಸೋಸಿ ನೋಡಿ. ನಿಮ್ಮ ಉರಿ, ನಿಮ್ಮ ಪಾತ್ರೆ ಅಗಲ, ಎಷ್ಟು ಹೊತ್ತು ಕುದಿಸ್ತೀರಿ ಅನ್ನೋದರ ಮೇಲೆ 14 ಅನ್ನೋದು 13 ಆಗ್ಬಹುದು 15 ಆಗ್ಬಹುದು, ಬೇರೆಯವರ ಸಂಖ್ಯೆ ನಿಮಗೆ ಕೂರಲ್ಲ.

ದಿನಕ್ಕೆ 600 ಅಂದ್ರಲ್ಲ, ಅದರಲ್ಲಿ ಏನೇನಿದೆ?

ತಿಂಗಳ ಬಾಡಿಗೆ 5,200. ಹೆಲ್ಪರ್‌ಗೆ ದಿನಕ್ಕೆ 300, ತಿಂಗಳಿಗೆ 7,800. ಕರೆಂಟು ನೀರು 780. ಕ್ಲೀನಿಂಗು, ಬಟ್ಟೆ, ಸೋಪು ಅಂತ 780. ಒಲೆ, ಪಾತ್ರೆ, ಫ್ಲಾಸ್ಕು, ಟೇಬಲ್ಲು ಇವುಗಳ ಸವಕಳಿ 1,040. ಎಲ್ಲಾ ಸೇರಿ 15,600. ಅಂಗಡಿ ತೆಗೆಯೋದು ತಿಂಗಳಿಗೆ 26 ದಿನ, ಹಾಗಾಗಿ ದಿನಕ್ಕೆ 600.

30ರಿಂದ ಭಾಗಿಸಬೇಡಿ. ಬಾಡಿಗೆ ತಿಂಗಳು ಪೂರ್ತಿಗೆ ಕೊಡ್ತೀರಿ ನಿಜ, ಆದ್ರೆ ಅದನ್ನ ದುಡಿದು ಕೊಡೋದು ತೆಗೆದಿರೋ 26 ದಿನಗಳೇ. 30ರಿಂದ ಭಾಗಿಸಿದ್ರೆ 520 ಬರತ್ತೆ, ಬ್ರೇಕ್-ಈವನ್ 130 ಕಪ್ ಅಂತ ತೋರಿಸತ್ತೆ, ನೀವು ದಿನಾ 130 ಮಾರಿ ಸರಿಹೋಯ್ತು ಅಂತ ಕೂತಿರ್ತೀರಿ, ತಿಂಗಳ ಕೊನೇಲಿ ನೋಡಿದ್ರೆ 2,080 ರೂಪಾಯಿ ಕೈಯಿಂದ ಹೋಗಿರತ್ತೆ.

ಸವಕಳಿ ಬಗ್ಗೆ ಒಂದು ಮಾತು. ಸಾಮಾನಿಗೆ ಸುಮಾರು 25 ಸಾವಿರ ಹಾಕಿದೀರಿ, ಎರಡು ವರ್ಷ ಬಾಳಿಕೆ ಬರತ್ತೆ ಅಂದ್ಕೊಂಡ್ರೆ 624 ದಿನ ಅಂಗಡಿ ತೆಗೀತೀರಿ, ದಿನಕ್ಕೆ 40 ರೂಪಾಯಿ. ಈ 40 ಯಾರಿಗೂ ಕೊಡೋದಲ್ಲ, ಅದಕ್ಕೇ ತುಂಬಾ ಜನ ಟೇಬಲ್‌ನಿಂದ ಬಿಟ್ಟೇಬಿಡ್ತಾರೆ, ಆಮೇಲೆ ಒಲೆ ಕೆಟ್ಟ ದಿನ ಸಾಲ ಮಾಡ್ತಾರೆ. ಬಾಡಿಗೆ ಅಡ್ವಾನ್ಸ್ ಮಾತ್ರ ಇಲ್ಲಿ ಸೇರಿಸ್ಬೇಡಿ, ಅದು ವಾಪಸ್ ಬರೋ ದುಡ್ಡು, ಖರ್ಚಲ್ಲ.

ಸರಿ, ಟೇಬಲ್ ತೋರಿಸಿ.

| ಮಾರಿದ ಕಪ್ | ಬಂದ ದುಡ್ಡು | ಕಪ್ ಖರ್ಚು | ದಿನದ ಖರ್ಚು | ಒಟ್ಟು ಖರ್ಚು | ಲಾಭ / ನಷ್ಟ |
|---|---|---|---|---|---|
| 0 | 0 | 0 | 600 | 600 | -600 |
| 50 | 500 | 300 | 600 | 900 | -400 |
| 100 | 1,000 | 600 | 600 | 1,200 | -200 |
| 150 | 1,500 | 900 | 600 | 1,500 | 0 |
| 200 | 2,000 | 1,200 | 600 | 1,800 | 200 |
| 250 | 2,500 | 1,500 | 600 | 2,100 | 400 |
| 300 | 3,000 | 1,800 | 600 | 2,400 | 600 |

ಮೊದಲನೇ ಸಾಲು, ಸೊನ್ನೆ ಕಪ್, ಅದನ್ನ ಯಾವತ್ತೂ ಬಿಡಬೇಡಿ. ಒಂದೂ ಟೀ ಮಾರದೇ ಇದ್ರೆ ಎಷ್ಟು ಹೋಗತ್ತೆ ಅಂತ ಅದು ಹೇಳತ್ತೆ, ಮತ್ತೆ ಅಲ್ಲಿ ಬರೋ ನಷ್ಟ ದಿನದ ಖರ್ಚಿಗೆ ಸರಿಯಾಗಿ ಸಮ ಇರಬೇಕು, ಇಲ್ಲ ಅಂದ್ರೆ ಟೇಬಲ್‌ನಲ್ಲೇ ಏನೋ ತಪ್ಪಿದೆ ಅಂತ ಅರ್ಥ.

ಇನ್ನೊಂದು, ಕೊನೇ ಕಾಲಂ ಮೇಲಿಂದ ಕೆಳಗೆ ಓದಿ. ಪ್ರತಿ 50 ಕಪ್‌ಗೆ 200 ರೂಪಾಯಿ ಏರ್ತಾ ಹೋಗತ್ತೆ, ಯಾಕಂದ್ರೆ 50 ಸಲ 4. 500 ಅಲ್ಲ. 50 ಕಪ್ ಜಾಸ್ತಿ ಮಾರಿದೆ, 500 ರೂಪಾಯಿ ಜಾಸ್ತಿ ಸಿಕ್ತು ಅಂತ ಗಲ್ಲಾ ನೋಡಿ ಖುಷಿಪಡೋರಿಗೆ ಈ ಕಾಲಂ ತೋರಿಸ್ಬೇಕು.

ಎಕ್ಸೆಲ್‌ನಲ್ಲಿ ಇದನ್ನ ಹೇಗೆ ಮಾಡೋದು? ನಂಗೆ ಫಾರ್ಮುಲಾ ಬರಲ್ಲ.

ತುಂಬಾ ಏನೂ ಬೇಡ. `B1` ನಲ್ಲಿ ಟೀ ರೇಟು 10, `B2` ನಲ್ಲಿ ಕಪ್ ಖರ್ಚು 6, `B3` ನಲ್ಲಿ ದಿನದ ಖರ್ಚು 600, `B4` ನಲ್ಲಿ ಬ್ರೇಕ್-ಈವನ್. ಆರನೇ ಸಾಲಲ್ಲಿ ಹೆಡಿಂಗು, ಏಳನೇ ಸಾಲಿಂದ ಟೇಬಲ್.

```
B4:  =ROUNDUP(B3/(B1-B2),0)
A7:  0
B7:  =A7*$B$1
C7:  =A7*$B$2
D7:  =$B$3
E7:  =C7+D7
F7:  =B7-E7
A8:  =A7+50
```

`B7` ಇಂದ `F7` ತನಕ ಸೆಲೆಕ್ಟ್ ಮಾಡಿ ಕೆಳಗೆ ಎಳೀರಿ, `A8` ನ್ನೂ ಹಾಗೇ ಎಳೀರಿ, ಮುಗೀತು. `ROUNDUP` ಯಾಕೆ ಅಂದ್ರೆ 161.5 ಕಪ್ ಅಂತ ಯಾರೂ ಮಾರಲ್ಲ, 161ಕ್ಕೆ ಇನ್ನೂ ನಷ್ಟದಲ್ಲೇ ಇರ್ತೀರಿ, ಹಾಗಾಗಿ ಯಾವಾಗ್ಲೂ ಮೇಲಕ್ಕೇ ಹೋಗ್ಬೇಕು.

ತಪ್ಪಾಗೋದು ಡಾಲರ್ ಗುರುತು ಬಿಟ್ಟಾಗ. `$` ಇಲ್ದೆ `=A7*B1` ಅಂತ ಬರೆದು ಕೆಳಗೆ ಎಳೆದ್ರೆ ಮುಂದಿನ ಸಾಲಲ್ಲಿ ಅದು `=A8*B2` ಆಗಿಬಿಡತ್ತೆ, ಅಂದ್ರೆ 50 ಕಪ್‌ಗೆ 500 ಬರೋ ಕಡೆ 300 ಬರತ್ತೆ. ಸೊನ್ನೆ ಕಪ್ ಸಾಲಲ್ಲಿ ಬಂದ ದುಡ್ಡು ಹೇಗಿದ್ರೂ ಸೊನ್ನೆ, ಅದಕ್ಕೇ ಅಲ್ಲಿ ತಪ್ಪು ಕಾಣಲ್ಲ. ಕೊನೇ ಕಾಲಂನಲ್ಲಿ ಪ್ರತಿ ಸಾಲಿಗೂ ಒಂದೇ ಸಮ ಏರಿಕೆ ಇದ್ಯಾ ಅಂತ ನೋಡಿ, ಇಲ್ಲ ಅಂದ್ರೆ ಮೊದಲು ಈ ಗುರುತನ್ನೇ ಹುಡುಕಿ.

ದಿನಾ 200 ಕಪ್ ಮಾರ್ತೀನಿ, ಟೇಬಲ್ ಪ್ರಕಾರ 200 ರೂಪಾಯಿ ಲಾಭ. ಆದ್ರೂ ಮನೆ ನಡೀತಿಲ್ಲ, ಯಾಕೆ?

ಯಾಕಂದ್ರೆ ಟೇಬಲ್‌ನಲ್ಲಿ ನಿಮಗೆ ಕೂಲಿನೇ ಇಲ್ಲ. ಹೆಲ್ಪರ್‌ಗೆ 300 ಬರೆದಿದೀರಿ, ಬೆಳಿಗ್ಗೆ ಎದ್ದು ಹಾಲು ತಂದು ರಾತ್ರಿ ಪಾತ್ರೆ ತೊಳೆದು ಹೋಗೋ ಓನರ್‌ಗೆ ಸೊನ್ನೆ. 200 ಕಪ್ ಮಾರಿದ ದಿನ ನಿಮಗೆ ಸಿಕ್ಕಿದ್ದು ಲಾಭ ಅಲ್ಲ, ಅದು ನಿಮ್ಮ ಕೂಲಿ, ಅದೂ ಹೆಲ್ಪರ್‌ಗಿಂತ 100 ರೂಪಾಯಿ ಕಮ್ಮಿ.

ಹಾಗಾಗಿ ಎರಡು ಬ್ರೇಕ್-ಈವನ್ ಇಟ್ಕೊಳ್ಳಿ, ನನ್ನ ಪ್ರಕಾರ ಇಡೀ ಟೇಬಲ್‌ನಲ್ಲಿ ಇದಕ್ಕಿಂತ ಮುಖ್ಯ ಕೆಲಸ ಇನ್ನೊಂದಿಲ್ಲ. ಮೊದಲನೇದು ಅಂಗಡಿ ಬ್ರೇಕ್-ಈವನ್, 150. ಎರಡನೇದು ಮನೆ ಬ್ರೇಕ್-ಈವನ್. ಇದೇ ಹೊತ್ತು ಬೇರೆ ಕಡೆ ಕೆಲಸಕ್ಕೆ ಹೋಗಿದ್ರೆ ದಿನಕ್ಕೆ 400 ಸಿಗ್ತಿತ್ತು ಅಂದ್ಕೊಳ್ಳಿ, ಆ 400ನ್ನ ದಿನದ ಖರ್ಚಿಗೆ ಸೇರಿಸಿ, 1,000 ಆಯ್ತು, ನಾಲ್ಕರಿಂದ ಭಾಗಿಸಿದ್ರೆ 250 ಕಪ್. 150ರಿಂದ 250ರವರೆಗೆ ಅಂಗಡಿ ಬದುಕಿರತ್ತೆ ಆದ್ರೆ ನಿಮಗೆ ಪೂರ್ತಿ ಕೂಲಿ ಕೊಡ್ತಾ ಇರಲ್ಲ. 250 ದಾಟಿದ ಮೇಲೆ ಬರೋದು ನಿಜವಾದ ಲಾಭ. ದಿನಾ 200ರ ಹತ್ರ ನಿಂತಿರೋ ಅಂಗಡಿಗಳಲ್ಲಿ ಲಾಭ ಇದೆ ಅಂತಾನೂ ಅನ್ಸತ್ತೆ, ಕೈಗೆ ದುಡ್ಡು ಹತ್ತಲ್ಲ ಅಂತಾನೂ ಅನ್ಸತ್ತೆ, ಎರಡೂ ನಿಜವೇ.

ಒಂದು ಮಾತು, ನೀವು ಮನೆಗೆ ಅಂತ ಗಲ್ಲಾದಿಂದ ತೆಗೆಯೋ ದುಡ್ಡನ್ನ ಖರ್ಚಿನ ಕಾಲಂಗೆ ಹಾಕ್ಬೇಡಿ. ಒಂದಿನ 100 ತೆಗೀತೀರಿ, ಒಂದಿನ 900 ತೆಗೀತೀರಿ, ಅದನ್ನ ಸೇರಿಸಿದ್ರೆ ಬ್ರೇಕ್-ಈವನ್ ದಿನಾ ಕುಣಿಯತ್ತೆ. ಕೂಲಿ ಅಂತ ಒಂದೇ ಸಂಖ್ಯೆ ನಿಲ್ಲಿಸಿ.

ಕಪ್ ತುಂಬಾ ಹಾಕ್ಕೊಟ್ರೆ ಗಿರಾಕಿ ಖುಷಿಯಾಗ್ತಾರೆ, ಅದರಲ್ಲಿ ಎಷ್ಟು ತಾನೇ ಹೋಗತ್ತೆ?

ಲೆಕ್ಕ ಮಾಡೋಣ, ಯಾಕಂದ್ರೆ ಇದು ಕಣ್ಣಿಗೆ ಕಾಣದೇ ಹೋಗೋ ದುಡ್ಡು. 90 ಎಂಎಲ್ ಬದಲು 105 ಎಂಎಲ್ ಹಾಕಿದ್ರಿ ಅಂದ್ಕೊಳ್ಳಿ, ಅಂದ್ರೆ ಬರೀ ಮೂರು ಟೀ ಚಮಚ ಜಾಸ್ತಿ. ಅದೇ 1,260 ಎಂಎಲ್ ಪಾತ್ರೇಲಿ ಈಗ 14ರ ಬದಲು 12 ಕಪ್ ಮಾತ್ರ. 70 ಭಾಗಿಸು 12, ಕಪ್‌ಗೆ 5.83. ಪೇಪರ್ ಕಪ್ಪು ಗ್ಯಾಸು ಸೇರಿ 6.83. ಉಳಿಯೋದು 3.17. ಬ್ರೇಕ್-ಈವನ್ 150ರಿಂದ 190ಕ್ಕೆ ಹೋಯ್ತು.

ಬಾಡಿಗೆ ಜಾಸ್ತಿ ಆಗಿಲ್ಲ, ಹಾಲಿನ ರೇಟು ಏರಿಲ್ಲ, ಬರೀ ಕೈ ಸ್ವಲ್ಪ ದೊಡ್ಡದಾಗಿದ್ದಕ್ಕೆ ದಿನಾ 40 ಕಪ್ ಜಾಸ್ತಿ ಮಾರ್ಬೇಕು. ಹೆಲ್ಪರ್ ಸುರಿಯೋವಾಗ ಒಂದು ತರ, ಓನರ್ ಸುರಿಯೋವಾಗ ಒಂದು ತರ ಆಗೋದೂ ಇದೇ ಜಾಗದಲ್ಲಿ. ಕಂಡುಹಿಡಿಯೋದು ಸುಲಭ, ಒಂದು ಪಾತ್ರೆ ಹಾಲಿಗೆ ಎಷ್ಟು ಪೇಪರ್ ಕಪ್ ಖಾಲಿ ಆಯ್ತು ಅಂತ ಎಣಿಸಿ. 14ರ ಕಡೆ 12 ಬಂದ್ರೆ ಕೈ ಜಾರ್ತಿದೆ. ಪರಿಹಾರಾನೂ ಸುಲಭ, ತುಂಬಿದ್ರೆ 90 ಎಂಎಲ್‌ಗೆ ಸರಿಯಾಗಿ ನಿಲ್ಲೋ ಕಪ್ ತನ್ನಿ. ದೊಡ್ಡ ಕಪ್ ತಂದು ಮುಕ್ಕಾಲು ಹಾಕಿದ್ರೆ ಗಿರಾಕಿಗೆ ಕಮ್ಮಿ ಕೊಟ್ಟಂಗೆ ಕಾಣತ್ತೆ, ಚಿಕ್ಕ ಕಪ್ ತುಂಬಿ ಕೊಟ್ರೆ ಹಾಗನ್ಸಲ್ಲ.

ಹಾಲಿನ ರೇಟು ಏರಿದ್ರೆ ಟೇಬಲ್ ಪೂರ್ತಿ ಬದಲಾಗತ್ತಾ?

ಬದಲಾಗತ್ತೆ, ಆದ್ರೆ ಹೆದರಿದಷ್ಟು ಅಲ್ಲ. ಲೀಟರಿಗೆ 4 ರೂಪಾಯಿ ಏರಿದ್ರೆ ಪಾತ್ರೆಗೆ 4, ಕಪ್‌ಗೆ ಸುಮಾರು 29 ಪೈಸೆ. ಉಳಿಯೋದು 3.71, ಬ್ರೇಕ್-ಈವನ್ 162. ಮೇಲಿನ ಲೆಕ್ಕದ ಜೊತೆ ಇಟ್ಟು ನೋಡಿ, ಹಾಲು ಏರಿದ್ದಕ್ಕೆ 12 ಕಪ್, ಕೈ ಜಾರಿದ್ದಕ್ಕೆ 40 ಕಪ್. ಜನ ಹಾಲಿನ ರೇಟಿನ ಬಗ್ಗೆ ಮಾತಾಡಿದಷ್ಟು ಕಪ್ ಅಳತೆ ಬಗ್ಗೆ ಮಾತಾಡಲ್ಲ ಅನ್ನೋದೇ ನಂಗೆ ಬೇಜಾರು.

ಟೀ ರೇಟು 10ರಿಂದ 12 ಮಾಡ್ಬಹುದಾ? ಗಿರಾಕಿ ಓಡಿಹೋದ್ರೆ?

ಓಡಿಹೋಗ್ತಾರಾ ಅಂತ ಟೇಬಲ್ ಹೇಳಲ್ಲ, ಎಷ್ಟು ಜನ ಹೋದ್ರೂ ತಡ್ಕೊಬಹುದು ಅಂತ ಹೇಳತ್ತೆ, ಅದು ಇನ್ನೂ ಉಪಯೋಗ. ರೇಟು 12 ಆದ್ರೆ ಉಳಿಯೋದು 4ರಿಂದ 6 ಆಗತ್ತೆ, ರೇಟು ಏರಿದ್ದು ಐದರಲ್ಲಿ ಒಂದು ಪಾಲು ಮಾತ್ರ ಆದ್ರೆ ಉಳಿಯೋದು ಒಂದೂವರೆ ಪಟ್ಟು. ಬ್ರೇಕ್-ಈವನ್ 100 ಕಪ್‌ಗೆ ಇಳಿಯತ್ತೆ.

ಈಗ ದಿನಾ 200 ಮಾರಿ 200 ರೂಪಾಯಿ ಉಳೀತಿದೆ. ಹೊಸ ರೇಟಲ್ಲಿ ಅಷ್ಟೇ ಉಳಿಯೋಕೆ 600 ಪ್ಲಸ್ 200, ಆರರಿಂದ ಭಾಗಿಸಿದ್ರೆ 134 ಕಪ್. ಅಂದ್ರೆ 66 ಕಪ್ ಬಿದ್ದುಹೋದ್ರೂ ನೀವು ಇವತ್ತಿರೋ ಜಾಗದಲ್ಲೇ ಇರ್ತೀರಿ. ಮೂರರಲ್ಲಿ ಒಬ್ಬರು ಬಿಟ್ಟು ಹೋಗೋಷ್ಟು ಪೆಟ್ಟು ಬೀಳತ್ತಾ ಅಂತ ಯೋಚನೆ ಮಾಡಿ, ನಿಮ್ಮ ಗಿರಾಕಿ ನಿಮಗೆ ಗೊತ್ತಿರ್ತಾರೆ. ಪಕ್ಕದಲ್ಲೇ ಇನ್ನೊಂದು ಅಂಗಡಿ 10ಕ್ಕೇ ಕೊಡ್ತಿದ್ರೆ ಆಗ್ಲೂಬಹುದು. ಮತ್ತೆ 12ಕ್ಕೆ ಚಿಲ್ಲರೆ ತೊಂದರೆ ಇದ್ದೇ ಇರತ್ತೆ, ಎರಡು ರೂಪಾಯಿ ಇಲ್ಲ ಬಿಡಿ ಅಂತ ದಿನಾ ಹತ್ತು ಜನಕ್ಕೆ ಬಿಟ್ರೆ 20 ರೂಪಾಯಿ ಅಲ್ಲೇ ಹೋಯ್ತು, ಫೋನಲ್ಲಿ ಪೇ ಮಾಡೋರು ಜಾಸ್ತಿ ಇದ್ರೆ ಇದು ಅಷ್ಟು ಕಾಡಲ್ಲ.

ಮಾರೋದು 300 ದಾಟ್ತಿದೆ, ಇನ್ನೊಬ್ಬ ಹೆಲ್ಪರ್ ಇಟ್ಕೊಬೇಕಾ?

ಇಲ್ಲಿ ಸರಳ ಟೇಬಲ್ ಸುಳ್ಳು ಹೇಳೋಕೆ ಶುರು ಮಾಡತ್ತೆ. ದಿನದ ಖರ್ಚು 600 ಅಂತ ಕೊನೇವರೆಗೂ ಎಳ್ಕೊಂಡು ಹೋದ್ವಿ, ಆದ್ರೆ ಇಬ್ಬರ ಕೈಯಲ್ಲಿ 300 ಕಪ್‌ಗಿಂತ ಜಾಸ್ತಿ ಆಗಲ್ಲ ಅಂತ ಇಟ್ಕೊಂಡ್ರೆ, ಅಲ್ಲಿಂದ ಮುಂದೆ ಇನ್ನೊಂದು 300 ಕೂಲಿ ಸೇರಿ ದಿನದ ಖರ್ಚು 900 ಆಗತ್ತೆ.

| ಮಾರಿದ ಕಪ್ | ಬಂದ ದುಡ್ಡು | ಕಪ್ ಖರ್ಚು | ದಿನದ ಖರ್ಚು | ಲಾಭ |
|---|---|---|---|---|
| 300 | 3,000 | 1,800 | 600 | 600 |
| 325 | 3,250 | 1,950 | 900 | 400 |
| 350 | 3,500 | 2,100 | 900 | 500 |
| 375 | 3,750 | 2,250 | 900 | 600 |
| 400 | 4,000 | 2,400 | 900 | 700 |

300 ಮಾರಿದಾಗ ಸಿಗ್ತಿದ್ದ ಲಾಭಾನೇ ಮತ್ತೆ ಸಿಗೋಕೆ 375 ಮಾರ್ಬೇಕು. 320, 340 ಹತ್ರ ನಿಂತ್ಕೊಂಡ್ರೆ ಕೆಲಸ ಜಾಸ್ತಿ, ಲಾಭ ಕಮ್ಮಿ. ಹಾಗಾಗಿ ಪೂರ್ತಿ ದಿನಕ್ಕೆ ಜನ ಇಡೋ ಮೊದಲು ರಶ್ ಯಾವ ಹೊತ್ತಲ್ಲಿ ಅಂತ ನೋಡಿ. ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಮಾತ್ರ ರಶ್ ಇದ್ರೆ ಅಷ್ಟೊತ್ತಿಗೆ ಮಾತ್ರ ಒಬ್ಬರನ್ನ 120ಕ್ಕೆ ಕರ್ಕೊಂಡ್ರೆ 30 ಕಪ್ ಜಾಸ್ತಿ ಮಾರಿದ್ರೆ ಸಾಕು, ಅವರ ಕೂಲಿ ಹುಟ್ಟತ್ತೆ.

ಡಲ್ ದಿನ 100 ಕಪ್ ಕೂಡ ಆಗಲ್ಲ. ಬ್ರೇಕ್-ಈವನ್ 150 ಅಲ್ವಾ, ಅವತ್ತು ಬಾಗಿಲು ಹಾಕೋದೇ ವಾಸಿನಾ?

ಇದಕ್ಕೆ 150 ನೋಡಬಾರ್ದು. ಬಾಗಿಲು ಹಾಕಿದ್ರೂ ಬಾಡಿಗೆಯ 200 ಹೋಗೇ ಹೋಗತ್ತೆ, ಸವಕಳಿಯ 40 ಕೂಡ ಹಾಗೇ ಅಂತ ಇಟ್ಕೊಳ್ಳಿ. ಬಾಗಿಲು ಹಾಕಿದ್ರೆ ಮಾತ್ರ ಉಳಿಯೋದು ಯಾವುದು ಅಂದ್ರೆ ಹೆಲ್ಪರ್ ದಿನಗೂಲಿ 300, ಕರೆಂಟು ನೀರು 30, ಕ್ಲೀನಿಂಗ್ 30, ಒಟ್ಟು 360. ನಾಲ್ಕರಿಂದ ಭಾಗಿಸಿ, 90 ಕಪ್. ಅಂದ್ರೆ 90ಕ್ಕಿಂತ ಜಾಸ್ತಿ ಆಗತ್ತೆ ಅನ್ನೋ ದಿನ ತೆಗೆಯೋದೇ ಲೇಸು. 100 ಕಪ್ ಆದ್ರೆ ಟೇಬಲ್‌ನಲ್ಲಿ 200 ನಷ್ಟ ಕಾಣತ್ತೆ ನಿಜ, ಆದ್ರೆ ಬಾಗಿಲು ಹಾಕಿದ್ರೆ ನಷ್ಟ 240, ತೆಗೆದಿದ್ದಕ್ಕೆ 40 ಉಳೀತು.

ಹೆಲ್ಪರ್‌ಗೆ ತಿಂಗಳ ಸಂಬಳ ಆದ್ರೆ, ರಜೆ ದಿನಾನೂ ಕೊಡೋದೇ ಆದ್ರೆ ಈ 90 ಅನ್ನೋದು ಬರೀ 15ಕ್ಕೆ ಇಳಿಯತ್ತೆ. ಹೆಲ್ಪರ್‌ಗೆ ರಜೆ ಕೊಟ್ಟು ನೀವೊಬ್ಬರೇ ಕೂತ್ರೂ ಲೆಕ್ಕ ಹತ್ರ ಹತ್ರ ಅಷ್ಟೇ. ಆದ್ರೆ ನಿಮ್ಮ ಒಂದು ದಿನದ ರೆಸ್ಟಿಗೂ ಬೆಲೆ ಇದೆ, 40 ರೂಪಾಯಿಗೋಸ್ಕರ ವಾರದ ಏಳೂ ದಿನ ನಿಲ್ಲಿ ಅಂತ ನಾನು ಯಾರಿಗೂ ಹೇಳಲ್ಲ.

ಒಂದಿನ 90, ಒಂದಿನ 220, ಯಾವ ಸಂಖ್ಯೆ ಇಟ್ಕೊಳ್ಳೋದು?

ದಿನದ್ದು ಬಿಡಿ, ವಾರದ ಒಟ್ಟು ನೋಡಿ. ವಾರಕ್ಕೆ ಆರು ದಿನ ತೆಗೆದ್ರೆ 900 ಕಪ್ ದಾಟಿದ್ರೆ ಸಾಕು, ಮಧ್ಯದಲ್ಲಿ ಒಂದಿನ 90 ಆದ್ರೂ ಪರವಾಗಿಲ್ಲ. ತಿಂಗಳಿಗೆ 15,600 ಭಾಗಿಸು 4, 3,900 ಕಪ್. ಒಂದು ಕಡೆ ತಿಂಗಳ ಖರ್ಚು, ಇನ್ನೊಂದು ಕಡೆ ದಿನದ ಕಪ್ ಇಟ್ಟು ಲೆಕ್ಕ ಮಾಡ್ಬೇಡಿ ಅಷ್ಟೇ, ಬ್ರೇಕ್-ಈವನ್ ದಿನಕ್ಕೆ 3,900 ಅಂತ ಬಂದು ಗಾಬರಿ ಆಗೋರು ಮಾಡಿರೋದು ಇದನ್ನೇ.

ಉಳಿದ ಟೀ ಚೆಲ್ಲೋದು, ಉದ್ರಿ, ಫ್ರೀ ಟೀ, ಇವನ್ನೆಲ್ಲಾ ಟೇಬಲ್‌ನಲ್ಲಿ ಎಲ್ಲಿ ಹಾಕೋದು?

ಚೆಲ್ಲೋ ಟೀಗೆ ಪೇಪರ್ ಕಪ್ ಖರ್ಚಾಗಿಲ್ಲ, ಹಾಗಾಗಿ ಕಪ್‌ಗೆ 5 ರೂಪಾಯಿ 40 ಪೈಸೆ. ದಿನಾ ರಾತ್ರಿ ಹತ್ತು ಕಪ್ ಚೆಲ್ತೀರಿ ಅಂದ್ರೆ 54 ರೂಪಾಯಿ, ಅದನ್ನ ದಿನದ ಖರ್ಚಿಗೆ ಸೇರಿಸಿಬಿಡಿ, 654 ಆಯ್ತು, ಬ್ರೇಕ್-ಈವನ್ 164. ಕೊನೇ ಒಂದು ಗಂಟೇಲಿ ಪೂರ್ತಿ ಪಾತ್ರೆ ಇಡೋ ಬದಲು ಅರ್ಧ ಪಾತ್ರೆ ಇಟ್ರೆ ಇದು ಅರ್ಧಕ್ಕರ್ಧ ಕಮ್ಮಿ ಆಗತ್ತೆ.

ಫ್ರೀ ಟೀಗೆ 6 ರೂಪಾಯಿ ಪೂರ್ತಿ ಹೋಗತ್ತೆ, ಅದನ್ನ ವಾಪಸ್ ತರೋಕೆ ಒಂದೂವರೆ ಕಪ್ ಮಾರ್ಬೇಕು. ಅಂಗಡಿ ಮುಂದೆ ಕೂತ ನಾಲ್ಕು ಜನ ಸ್ನೇಹಿತರಿಗೆ ಟೀ ಕೊಟ್ರೆ ಆರು ಕಪ್ ಮಾರಿದ್ದು ಅದಕ್ಕೇ ಸರಿಹೋಯ್ತು. ಉದ್ರೀನ ಮಾರಿದ ಕಪ್ ಲೆಕ್ಕಕ್ಕೆ ಸೇರಿಸಿ ಆದ್ರೆ ಬೇರೆ ಪುಸ್ತಕದಲ್ಲಿ ಬರೀರಿ, ತಿಂಗಳಾದ್ರೂ ಬರದೇ ಇದ್ದಿದ್ದನ್ನ ಫ್ರೀ ಟೀ ಅಂತಾನೇ ಲೆಕ್ಕ ಹಾಕಿ.

ಎಷ್ಟು ಕಪ್ ಮಾರಿದೆ ಅಂತ ಎಣಿಸೋಕೇ ಆಗಲ್ಲ, ರಶ್ ಇರತ್ತೆ. ಏನು ಮಾಡೋದು?

ಟೀ ಎಣಿಸ್ಬೇಡಿ, ಪೇಪರ್ ಕಪ್ ಎಣಿಸಿ. ಕಪ್ಪು ಪ್ಯಾಕೆಟ್‌ನಲ್ಲಿ ಒಂದೇ ಲೆಕ್ಕದಲ್ಲಿ ಬರತ್ತೆ, ಹಾಗಾಗಿ ಬೆಳಿಗ್ಗೆ ಎಷ್ಟಿತ್ತು, ರಾತ್ರಿ ಎಷ್ಟಿದೆ ಅಂತ ನೋಡೋಕೆ ಒಂದು ನಿಮಿಷ ಸಾಕು. ಬೆಳಿಗ್ಗೆ 260 ಇತ್ತು, ರಾತ್ರಿ 48 ಇದೆ, 212 ಖರ್ಚಾಗಿದೆ. ಗಲ್ಲಾ ಮತ್ತೆ ಫೋನ್ ಸೇರಿ ಟೀ ದುಡ್ಡು 1,960, ಅಂದ್ರೆ 196 ಕಪ್. ವ್ಯತ್ಯಾಸ 16. ಅದರಲ್ಲಿ ಉದ್ರಿ 7, ನೀವೂ ಹೆಲ್ಪರೂ ಕುಡಿದಿದ್ದು 4, ಬಿಸಿ ಅಂತ ಡಬಲ್ ಕಪ್ ಕೇಳಿದೋರಿಗೆ 3. ಲೆಕ್ಕ ಸಿಗದೇ ಉಳಿದಿದ್ದು 2, ಅಷ್ಟು ಇದ್ದೇ ಇರತ್ತೆ. ದಿನಾ 15, 20 ಲೆಕ್ಕ ಸಿಗ್ತಿಲ್ಲ ಅಂದ್ರೆ ಯಾರೋ ದುಡ್ಡು ಕೊಡದೇ ಹೋಗ್ತಿದಾರೆ ಇಲ್ಲಾ ಗಲ್ಲಾದಿಂದ ಹೋಗ್ತಿದೆ. ಗಾಜಿನ ಲೋಟದಲ್ಲಿ ಕೊಡೋರಿಗೆ ಈ ದಾರಿ ಇಲ್ಲ, ಅವರು ಪಾತ್ರೆ ಎಣಿಸ್ಬೇಕು, ಇವತ್ತು ಎಷ್ಟು ಪಾತ್ರೆ ಇಟ್ವಿ ಅಂತ ಗೋಡೆ ಮೇಲೆ ಒಂದೊಂದು ಗೀಟು ಹಾಕಿ ಹದಿನಾಲ್ಕರಿಂದ ಗುಣಿಸಿ.

ಬಿಸ್ಕೆಟ್ ಕೂಡ ಮಾರ್ತೀನಿ, ಅದನ್ನೂ ಕಪ್ ಜೊತೆ ಸೇರಿಸ್ಲಾ?

ಸೇರಿಸ್ಬೇಡಿ. 5 ರೂಪಾಯಿ ಪ್ಯಾಕೆಟ್‌ಗೆ ನಿಮಗೆ 4.40 ಬಿದ್ದಿದ್ರೆ ಉಳಿಯೋದು 60 ಪೈಸೆ, ಟೀಯಲ್ಲಿ 4 ರೂಪಾಯಿ. ನಾಲ್ಕು ಟೀಗೆ ಒಂದು ಪ್ಯಾಕೆಟ್ ಹೋಗತ್ತೆ ಅಂದ್ರೆ ಪ್ರತಿ ಟೀ ಮೇಲೆ 15 ಪೈಸೆ ಜಾಸ್ತಿ, 4.15. 600ನ್ನ ಅದರಿಂದ ಭಾಗಿಸಿದ್ರೆ 145 ಕಪ್. ಬಿಸ್ಕೆಟ್‌ನಿಂದ ಬ್ರೇಕ್-ಈವನ್ ಇಳಿದಿದ್ದು ಐದೇ ಕಪ್, ಆದ್ರೆ ಗಲ್ಲಾ ಮಾತ್ರ ತುಂಬಿದಂಗೆ ಕಾಣತ್ತೆ. ಬಿಸ್ಕೆಟ್ ಇದ್ರೆ ಜನ ಕೂತ್ಕೊಂಡು ಎರಡನೇ ಟೀ ಕುಡೀತಾರೆ ಅನ್ನೋದಾದ್ರೆ ಇಡಿ, ಆ ಎರಡನೇ ಟೀಯಲ್ಲಿ ದುಡ್ಡಿದೆ.

ಸಾಲದ ಕಂತು ಯಾವ ಕಾಲಂಗೆ?

ಬಡ್ಡಿ ದಿನದ ಖರ್ಚಿಗೆ. ಅಸಲು ಖರ್ಚಲ್ಲ, ಯಾಕಂದ್ರೆ ಆ ದುಡ್ಡಲ್ಲಿ ತಂದ ಸಾಮಾನಿಗೆ ಆಗ್ಲೇ ಸವಕಳಿ ಬರೆದಿದೀರಿ, ಎರಡೂ ಹಾಕಿದ್ರೆ ಒಂದೇ ಒಲೆಗೆ ಎರಡು ಸಲ ಕೊಟ್ಟಂಗೆ. ಆದ್ರೆ ಕಂತು ಕಟ್ಟೋಕೆ ಕೈಯಲ್ಲಿ ದುಡ್ಡು ಬೇಕಲ್ಲ, ಅದಕ್ಕೆ ಸವಕಳಿ ತೆಗೆದು ಪೂರ್ತಿ ಕಂತು ಹಾಕಿ ಇನ್ನೊಂದು ಸಲ ಭಾಗಿಸಿ ನೋಡಿ. ದಿನಕ್ಕೆ 40ರ ಜಾಗದಲ್ಲಿ ಕಂತು 100 ಬಿದ್ರೆ 660 ಭಾಗಿಸು 4, 165 ಕಪ್. ಸಾಲ ತೀರೋವರೆಗೂ ಕಣ್ಣು ಈ 165ರ ಮೇಲೆ ಇರಲಿ.

ಟೇಬಲ್ ಎಷ್ಟು ದಿನಕ್ಕೊಂದು ಸಲ ಹೊಸದಾಗಿ ಮಾಡ್ಬೇಕು?

ಹಾಲು, ಸಕ್ಕರೆ, ಗ್ಯಾಸ್, ಕಪ್ಪು ಇದರಲ್ಲಿ ಯಾವುದರ ರೇಟು ಬದಲಾದ್ರೂ `B2` ಬದಲಾಯಿಸಿ, ಬಾಡಿಗೆ ಕೂಲಿ ಬದಲಾದ್ರೆ `B3`. ಗ್ಯಾಸ್ ಮಾತ್ರ ಸಿಲಿಂಡರ್ ಖಾಲಿ ಆದಾಗೆಲ್ಲ ನೋಡಿ, ಒಂದು ಸಿಲಿಂಡರ್‌ಗೆ ಎಷ್ಟು ಕಪ್ ಆಯ್ತು ಅಂತ. ಡಲ್ ಟೈಮಲ್ಲಿ ಟೀ ಬಿಸಿ ಇರಲಿ ಅಂತ ಸಣ್ಣ ಉರೀಲಿ ಇಟ್ಟಿರ್ತಾರೆ, ಅವಾಗ ಮಾರಾಟ ಇಲ್ದೇನೂ ಗ್ಯಾಸ್ ಉರೀತಿರತ್ತೆ, 40 ಪೈಸೆ ಅಂತ ಬರೆದಿದ್ದು 70 ಆಗಿರತ್ತೆ. ಹಾಗೆ ಕಂಡ್ರೆ ಸೋಸಿದ ಟೀ ಫ್ಲಾಸ್ಕ್‌ಗೆ ಹಾಕಿ ಒಲೆ ಆರಿಸಿ, ಮುಂದಿನ ಸಿಲಿಂಡರ್‌ಗೆ ಮತ್ತೆ ಎಣಿಸಿ ಆ ಸಂಖ್ಯೇನೇ ಟೇಬಲ್‌ಗೆ ಹಾಕಿ.